ಹದಿನೈದು ಸೆಕೆಂಡು ಸಾಲಲಿಲ್ಲ

ಕಳೆದ ವರ್ಷ ದೀಪಾವಳಿ ಮುಗಿಸಿಕೊಂಡು ಅವ್ವ ಗದಗಿನಿಂದ ಪುಣೆಯ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ 72 ವರ್ಷ. ಎರಡನೇ ಮಹಡಿಯ ಮೆಟ್ಟಿಲು ಹತ್ತಿ ಬಂದು ಸೋಫಾದ ಮೇಲೆ ಕೂತವಳು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಸುಮ್ಮನಿದ್ದಳು. ಏನಾಯಿತೆಂದು ಕೇಳಿದರೆ, "ಏನೂ ಆಗಿಲ್ಲೋ, ದಣಿವಾಗೇತಿ ಅಷ್ಟ" ಎಂದಳು.

ಕೋವಿಡ್ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಕಪಾಟಿನಲ್ಲಿತ್ತು. ಅರ್ಧ ಗಂಟೆ ಬಿಟ್ಟು ಅವಳ ಬೆರಳಿಗೆ ಹಾಕಿದೆ. ಆಮ್ಲಜನಕ 97 ಇತ್ತು. ನಾಡಿಯ ಅಂಕಿ ಮಾತ್ರ 68 ತೋರಿಸಿ 91ಕ್ಕೆ ಹಾರಿತು, ಮತ್ತೆ 77ಕ್ಕೆ ಇಳಿಯಿತು. ನನ್ನ ಸ್ಮಾರ್ಟ್‌ವಾಚ್ ಬಿಚ್ಚಿ ಅವಳ ಕೈಗೆ ಕಟ್ಟಿದರೆ ಅದು 88 ಎಂದಿತು. ಎರಡು ಯಂತ್ರಗಳು ಹೊಂದದಿದ್ದರೆ ನಮ್ಮಂಥವರು ಮೊದಲು ಅನುಮಾನಪಡುವುದು ಯಂತ್ರವನ್ನೇ. ಬ್ಯಾಟರಿ ಬದಲಿಸಿದೆ. ಅಂಕಿಗಳ ಕುಣಿತ ನಿಲ್ಲಲಿಲ್ಲ.

ಕೈಯಿಂದಲೇ ಎಣಿಸೋಣವೆಂದು ಕೂತೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನನಗೆ ಗೊತ್ತಿದ್ದ ವಿಧಾನ. ಮೊದಲ ಸಲ 76 ಬಂತು, ಎರಡನೇ ಸಲ 96, ಮೂರನೇ ಸಲ 68. ನನಗೆ ಎಣಿಸಲು ಬರುವುದಿಲ್ಲ ಎಂದೇ ತೀರ್ಮಾನಿಸಿ ನಮ್ಮ ಮಹಡಿಯಲ್ಲೇ ಇರುವ ಮೌಶಿಯನ್ನು ಕರೆದೆ. ಅವರು ಬೆಳಗಾವಿಯವರು. ಮೂವತ್ತು ವರ್ಷ ನರ್ಸ್ ಆಗಿದ್ದು ಈಗ ನಿವೃತ್ತರು.

ಮೌಶಿ ಮೊದಲು ಅವ್ವನನ್ನು ಐದು ನಿಮಿಷ ಸುಮ್ಮನೆ ಕೂರಿಸಿದರು. ಚಹಾ ಆಮೇಲೆ, ಮಾತೂ ಆಮೇಲೆ. ಅವಳ ಮುಂಗೈಯನ್ನು ದಿಂಬಿನ ಮೇಲೆ ಅಂಗೈ ಮೇಲಾಗಿ ಇಡಿಸಿದರು. ಹೆಬ್ಬೆರಳಿನ ಬುಡದಿಂದ ತುಸು ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ಎಲುಬಿಗೂ ಅದರ ಪಕ್ಕದ ನರದಂಥ ಗಟ್ಟಿ ಎಳೆಗೂ ನಡುವೆ ಒಂದು ಸಣ್ಣ ತಗ್ಗು ಇರುತ್ತದೆ. ಅಲ್ಲಿ ತಮ್ಮ ತೋರುಬೆರಳು, ನಡುಬೆರಳು, ಉಂಗುರಬೆರಳುಗಳ ತುದಿ ಇಟ್ಟರು. ನಾನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. "ಹೆಬ್ಬೆರಳಿಗೆ ತನ್ನದೇ ನಾಡಿ ಇರ್ತದ. ನೀನು ಅವ್ವಂದು ಎಣಿಸಿದ್ಯೋ ನಿಂದು ಎಣಿಸಿದ್ಯೋ?" ಎಂದು ನಕ್ಕರು. ಒತ್ತಡದ ಹದವನ್ನೂ ತೋರಿಸಿದರು. ಜೋರಾಗಿ ಒತ್ತಿದರೆ ರಕ್ತನಾಳ ಮುಚ್ಚಿ ಮಿಡಿತ ಮಾಯವಾಗುತ್ತದೆ. ಹಾಗಾಗಿ ಮಿಡಿತ ಸಿಗುವವರೆಗೆ ಮೆಲ್ಲಗೆ ಒತ್ತುತ್ತ ಹೋಗಿ ಅಲ್ಲಿಗೇ ನಿಲ್ಲಬೇಕು.

ಕುತ್ತಿಗೆಯಲ್ಲಿ ಇನ್ನೂ ಸ್ಪಷ್ಟವಾಗಿ ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗುತ್ತದೆ, ಗಂಟಲ ನಾಳದ ಪಕ್ಕದ ತಗ್ಗಿನಲ್ಲಿ. ಆದರೆ ಅಲ್ಲಿ, ದವಡೆಯ ಮೂಲೆಯ ಕೆಳಗೆ, ರಕ್ತದ ಒತ್ತಡವನ್ನು ಗಮನಿಸುವ ಒಂದು ಜಾಗವಿದೆ. ಅದನ್ನು ಒತ್ತಿದರೆ ಹೃದಯವೇ ನಿಧಾನವಾಗಬಹುದು. ಎಣಿಸಲು ಹೋಗಿ ಎಣಿಕೆಯನ್ನೇ ಬದಲಿಸಿದಂತೆ. ವಯಸ್ಸಾದವರು ತಲೆಸುತ್ತಿ ಬೀಳಲೂಬಹುದು. ಕುತ್ತಿಗೆಯಲ್ಲಿ ನೋಡಲೇಬೇಕಾದರೆ ಒಂದೇ ಬದಿ, ಹಗುರವಾಗಿ. ಎರಡೂ ಬದಿ ಒಟ್ಟಿಗೆ ಎಂದೂ ಒತ್ತಬಾರದು. ಅವ್ವನ ವಯಸ್ಸಿನವರಿಗೆ ಮಣಿಕಟ್ಟೇ ಸರಿ ಎಂದರು.

ಆಮೇಲೆ ಮೌಶಿ ಪೂರ್ತಿ ಒಂದು ನಿಮಿಷ ಎಣಿಸಿದರು. ಗಡಿಯಾರ ಶುರುವಾದ ಕ್ಷಣಕ್ಕೆ ಬಿದ್ದ ಬಡಿತವನ್ನು ಸೊನ್ನೆ ಎಂದು ಹಿಡಿದು, ಮುಂದಿನದನ್ನು ಒಂದು ಎಂದರು. ಹದಿನೈದು ಸೆಕೆಂಡಿಗೊಮ್ಮೆ ನಾನು ಕೈ ತೋರಿಸಿದಾಗ ಅಲ್ಲಿಯವರೆಗಿನ ಲೆಕ್ಕ ಹೇಳಿದರು: 19, 43, 60, 82. ಎಂದರೆ ನಾಲ್ಕು ತುಂಡುಗಳಲ್ಲಿ ಬಂದದ್ದು 19, 24, 17, 22 ಬಡಿತ.

ಕಾಗದದ ಮೇಲೆ ಬರೆದು ನೋಡಿದಾಗ ನನ್ನ ತಪ್ಪು ಕಂಡಿತು. ಹದಿನೈದು ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ ಗುಣಿಸಿದ ಮೇಲೆ ನಾಲ್ಕು ತಪ್ಪುತ್ತದೆ. ಅಷ್ಟು ವ್ಯತ್ಯಾಸ ಸಹಜ. ಆದರೆ 17ಕ್ಕೂ 24ಕ್ಕೂ ನಡುವಿನ ಅಂತರ ಎಣಿಸುವವರ ತಪ್ಪಿನಿಂದ ಬರುವಂಥದ್ದಲ್ಲ. ನಾನು ಮೂರು ಸಲ ಎಣಿಸಿದ್ದೂ ಬಹುಶಃ ಸರಿಯಾಗಿಯೇ ಇತ್ತು. ಬಡಿತವೇ ಸಮವಾಗಿರಲಿಲ್ಲ.

ಯಂತ್ರದ ಮೇಲಿನ ಅನುಮಾನ ಇನ್ನೂ ಹೋಗಿರಲಿಲ್ಲ. ಅದೇ ಆಕ್ಸಿಮೀಟರನ್ನು ನನ್ನ ಎಡಗೈ ಬೆರಳಿಗೆ ಹಾಕಿಕೊಂಡು ಪರದೆಯನ್ನು ಮಗನ ಕಡೆ ತಿರುಗಿಸಿದೆ. ಪರದೆ ಕಂಡರೆ ನಮ್ಮ ಎಣಿಕೆ ತಿಳಿಯದೆಯೇ ಅದರ ಹಿಂದೆ ಹೋಗುತ್ತದೆ. ಬಲ ಮಣಿಕಟ್ಟಿನಲ್ಲಿ ಮೌಶಿ ಎಣಿಸಿದರು: 18, 18, 19, 18. ಒಟ್ಟು 73. ಆ ನಿಮಿಷ ಪೂರ್ತಿ ಯಂತ್ರ 72ರಿಂದ 74ರ ಒಳಗೇ ಇತ್ತೆಂದು ಮಗ ಹೇಳಿದ. ಯಂತ್ರ ಸರಿ ಇತ್ತು. ಅದು ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ ತೋರಿಸುತ್ತದೆ. ಬಡಿತ ಸಮವಾಗಿದ್ದರೆ ಆ ಸರಾಸರಿ ನಿಲ್ಲುತ್ತದೆ, ಇಲ್ಲದಿದ್ದರೆ ಓಡಾಡುತ್ತದೆ. ತಣ್ಣನೆಯ ಬೆರಳು, ಅಲುಗಾಟ, ಸಡಿಲ ಪಟ್ಟಿಯಿಂದಲೂ ಅಂಕಿ ಹಾರುತ್ತದೆ. ಆದರೆ ಅವ್ವನ ಬೆರಳು ಬೆಚ್ಚಗಿತ್ತು, ಕೈ ದಿಂಬಿನ ಮೇಲಿತ್ತು.

ಮೌಶಿ ನನ್ನ ಬೆರಳುಗಳನ್ನು ಅವ್ವನ ಮಣಿಕಟ್ಟಿನ ಮೇಲೆ ಇಡಿಸಿ, "ಈಗ ಎಣಿಸಬ್ಯಾಡ. ಬರೇ ಓಟ ನೋಡು" ಎಂದರು. ಎರಡು ಬಡಿತ ಬೇಗ ಬೇಗ, ಒಂದು ಬಿಡುವು, ಒಂದು ಬಲವಾದದ್ದು, ಒಂದು ಇದ್ದೂ ಇಲ್ಲದಂಥದ್ದು, ಮತ್ತೆ ಮೂರು ಒಟ್ಟಿಗೆ. ಮುಂದಿನದು ಯಾವಾಗ ಬರುತ್ತದೆಂದು ಊಹಿಸಲು ಆಗುತ್ತಿರಲಿಲ್ಲ. ನನ್ನ ಮಗನ ನಾಡಿಯೂ ಪೂರ್ತಿ ಸಮವಲ್ಲ, ಉಸಿರು ಎಳೆದಾಗ ತುಸು ಬೇಗ, ಬಿಟ್ಟಾಗ ನಿಧಾನ. ಆದರೆ ಅದು ಉಸಿರಿನ ಜೊತೆ ಹೋಗುತ್ತದೆ, ಎಳೆಯರಲ್ಲಿ ಸಾಮಾನ್ಯ. ಅವ್ವನದು ಯಾವುದರ ಜೊತೆಗೂ ಹೋಗುತ್ತಿರಲಿಲ್ಲ.

"ಎದಿ ನೋವು, ಉಸಿರಿನ ತೊಂದರಿ ಏನರೆ ಇದ್ದಿದ್ರ ಎಣಿಸ್ಕೋತ ಕೂಡೂ ಹಂಗಿರಲಿಲ್ಲ, ಹಿಂಗ ಹೊರಡಬೇಕಿತ್ತು" ಎಂದರು ಮೌಶಿ. "ಆದ್ರೂ ನಾಳೆ ಮುಂಜಾನೆ ಇಸಿಜಿ ತಪ್ಪಿಸಬ್ಯಾಡ. ಬೆರಳಿಗೆ ಓಟ ತಪ್ಪಿದ್ದು ಗೊತ್ತಾಗ್ತದ, ಯಾಕ ಅನ್ನೋದು ಗೊತ್ತಾಗೂದಿಲ್ಲ."

ಇಸಿಜಿಯಲ್ಲಿ ಕಂಡದ್ದು ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ಅದುರುತ್ತವೆ, ಕೆಳಗಿನ ಕೋಣೆಗಳಿಗೆ ಸಂದೇಶ ಅಡ್ಡಾದಿಡ್ಡಿ ತಲುಪುತ್ತದೆ. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಣಿಸುವಾಗ ಅದೇ ನಿಮಿಷ ಅಲ್ಲಿನ ನರ್ಸ್ ಮಣಿಕಟ್ಟಿನಲ್ಲಿ ಎಣಿಸಿದರು. ಎದೆಯಲ್ಲಿ 96, ಕೈಯಲ್ಲಿ 84. ಉಳಿದ ಹನ್ನೆರಡು ಬಡಿತಗಳು ಎಲ್ಲಿ ಹೋದವು ಎಂದು ಕೇಳಿದೆ. ಹೃದಯ ತುಂಬುವ ಮೊದಲೇ ಬಡಿದರೆ ಹೊರಬೀಳುವ ರಕ್ತ ಕಡಿಮೆ, ಆ ಅಲೆ ಮಣಿಕಟ್ಟಿನವರೆಗೆ ಬರುವುದಿಲ್ಲ ಎಂದರು. ಹಾಗಾದರೆ ಕೈಯ ಎಣಿಕೆಯೂ ಬೆರಳಿನ ಯಂತ್ರವೂ ಒಂದಕ್ಕೊಂದು ಹೊಂದಿದರೂ ಎರಡೂ ಹೃದಯದ ಪೂರ್ತಿ ಲೆಕ್ಕವಾಗಬೇಕಿಲ್ಲ. ಎರಡೂ ಎಣಿಸುವುದು ಅಲ್ಲಿಯವರೆಗೆ ತಲುಪಿದ್ದನ್ನು ಮಾತ್ರ.

ಹೀಗೆ ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಅವ್ವನ ವಯಸ್ಸು, ಬಿ.ಪಿ., ಮೂತ್ರಪಿಂಡದ ಪರೀಕ್ಷೆ ಎಲ್ಲ ನೋಡಿ ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆ, ಬಡಿತದ ವೇಗ ಇಳಿಸಲು ಇನ್ನೊಂದು ಶುರು ಮಾಡಿದರು. ಅವ್ವನಿಗೆ ಎದೆ ಡವಗುಟ್ಟಿದ ನೆನಪೇ ಇರಲಿಲ್ಲ. ದಣಿವು ವಯಸ್ಸಿನದೆಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಮೂರು ಅಂಕಿಗಳ ಸರಾಸರಿ ತೆಗೆದು 80 ಎಂದುಕೊಂಡು ಮಲಗಿದ್ದರೆ ಎಂಬುದು ಈಗಲೂ ಆಗಾಗ ಮನಸ್ಸಿಗೆ ಬರುತ್ತದೆ. ಆ ಸರಾಸರಿ ತಪ್ಪಾಗಿರಲಿಲ್ಲ, ಅದೇ ಅಪಾಯ.

ಅವ್ವ ಈಗ ಗದಗಿನಲ್ಲಿದ್ದಾಳೆ. ಭಾನುವಾರ ಮುಂಜಾನೆ ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ತಾನೇ ಎಣಿಸಿ, ಕ್ಯಾಲೆಂಡರಿನ ಚೌಕದಲ್ಲಿ ಬರೆದು, ನನಗೆ ಫೋನ್ ಮಾಡುತ್ತಾಳೆ.

"ಎಪ್ಪತ್ತಾರು ಬಂತು. ಓಟ ಯಾವಾಗಿನಂಗ ಐತಿ, ತಾಳ ಇಲ್ಲ" ಎಂದಳು ಮೊನ್ನೆ. ಒಂದು ಕ್ಷಣ ಬಿಟ್ಟು ಕೇಳಿದಳು, "ನಿಂದು ಎಣಿಸಿದ್ಯೇನು?"