ಸ್ಕ್ರೀನಿಲ್ಲದ ಪ್ರಿಂಟರ್‌ಗೆ ಪಾಸ್‌ವರ್ಡ್ ಹೇಳೋದು ಹೇಗೆ?

ನಾವು ಮೂವರು ರೂಮ್‌ಮೇಟ್‌ಗಳು ಒಂದೇ ಜಿಲ್ಲೆಯವರು. ಒಬ್ಬರದು ಹಾವೇರಿ, ಒಬ್ಬರದು ರಾಣೇಬೆನ್ನೂರು, ಇನ್ನೊಬ್ಬರದು ಬ್ಯಾಡಗಿ. ರಜೆಗೆ ಊರಿಗೆ ಹೋದರೆ ಸಾಕು, "ಇಂಜಿನಿಯರಿಂಗ್ ಓದಾಕತ್ತಿಯಲ್ಲ, ಇದನ್ನಷ್ಟು ನೋಡಪಾ" ಅಂತ ಏನಾದರೊಂದು ಕೈಗೆ ಬರುತ್ತದೆ. ಈ ಸಲ ಮೂರೂ ಕಡೆ ಕೈಗೆ ಬಂದದ್ದು ಒಂದೇ ಕೆಲಸ: ಪ್ರಿಂಟರ್‌ನ ವೈಫೈಗೆ ಸೇರಿಸೋದು. ಅಗ್ಗದ ಪ್ರಿಂಟರ್‌ಗಳಿಗೆ ಸ್ಕ್ರೀನ್ ಇರೋದಿಲ್ಲ, ನಾಲ್ಕೈದು ಬಟನ್, ಎರಡು ಮೂರು ಲೈಟ್ ಅಷ್ಟೇ. ವೈಫೈ ಪಾಸ್‌ವರ್ಡ್ ಟೈಪ್ ಮಾಡೋಕೆ ಜಾಗವೇ ಇಲ್ಲ. ಈ ತೊಂದರೆಗೇ ವೈಫೈ ಅಲಯನ್ಸ್‌ನವರು 2007ರ ಹೊತ್ತಿಗೆ ತಂದ ಉಪಾಯ ಡಬ್ಲ್ಯೂಪಿಎಸ್, ಅಂದರೆ ವೈಫೈ ಪ್ರೊಟೆಕ್ಟೆಡ್ ಸೆಟಪ್. ರೂಟರ್ ಹಿಂದೆ WPS ಅಂತ ಬರೆದಿರುವ ಸಣ್ಣ ಬಟನ್ ಅದೇ.

ರಾಣೇಬೆನ್ನೂರಿನ ಮನೆಯಲ್ಲಿ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಪ್ರಿಂಟರ್‌ನ ವೈಫೈ ಬಟನ್ ಒತ್ತಿ ಹಿಡಿದರೆ ಕೆಲವು ಸೆಕೆಂಡಿನಲ್ಲಿ ಲೈಟ್ ಮಿಣಮಿಣ ಅನ್ನೋಕೆ ಶುರುವಾಗುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಆಮೇಲೆ ಎರಡು ನಿಮಿಷದೊಳಗೆ ರೂಟರ್‌ನ ಬಟನ್ ಒತ್ತಬೇಕು, ಒತ್ತಿ ಬಿಟ್ಟರೆ ಸಾಕು. ಕೆಲವು ರೂಟರ್‌ಗಳಲ್ಲಿ ಡಬ್ಲ್ಯೂಪಿಎಸ್ ಮತ್ತು ರೀಸೆಟ್ ಒಂದೇ ಬಟನ್‌ನಲ್ಲಿ ಇರುತ್ತವೆ. ಅಂಥಲ್ಲಿ ಬಹಳ ಹೊತ್ತು ಒತ್ತಿ ಹಿಡಿದರೆ ಮನೆಯ ಇಂಟರ್ನೆಟ್ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತದೆ! ಎಲ್ಲ ಸರಿಯಾದರೆ ಪ್ರಿಂಟರ್ ಲೈಟ್ ಮಿಣುಕೋದು ನಿಲ್ಲಿಸಿ ಒಂದೇ ಸಮ ಉರಿಯುತ್ತದೆ. ಎರಡು ನಿಮಿಷ ಕಳೆದರೂ ಹಾಗಾಗದಿದ್ದರೆ ಸೇರಿಲ್ಲ ಅಂತ ಅರ್ಥ, ಮತ್ತೆ ಮೊದಲಿಂದ. ಖಾತ್ರಿ ಬೇಕಾದರೆ ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ಮಾಹಿತಿಯ ಹಾಳೆ ತೆಗೆಯಬಹುದು. ಅದರಲ್ಲಿ ನಮ್ಮ ವೈಫೈ ಹೆಸರು, 192.168.1.7 ಥರದ ಒಂದು ವಿಳಾಸ ಇದ್ದರೆ ಸೇರಿದೆ.

ಈ ಎರಡು ನಿಮಿಷದಲ್ಲಿ ರೂಟರ್ ಏನು ಮಾಡುತ್ತದೆ ಅನ್ನೋದು ಮುಖ್ಯ. ಅದು ಪ್ರಿಂಟರ್‌ನ ಸುಮ್ಮನೆ ಒಳಗೆ ಬಿಟ್ಟುಕೊಳ್ಳೋದಲ್ಲ, ವೈಫೈ ಹೆಸರು ಮತ್ತು ನಿಜವಾದ ಪಾಸ್‌ವರ್ಡನ್ನೇ ಗುಪ್ತವಾಗಿ ಅದರ ಕೈಗೆ ಕೊಡುತ್ತದೆ. ಪ್ರಿಂಟರ್ ಅದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ನಾಳೆ ಕರೆಂಟ್ ಹೋಗಿ ಬಂದರೂ ಬಟನ್ ಮತ್ತೆ ಒತ್ತಬೇಕಿಲ್ಲ. ಅನುಕೂಲವೂ ಅಪಾಯವೂ ಹುಟ್ಟೋದು ಇಲ್ಲಿಂದಲೇ.

ಬ್ಯಾಡಗಿಯಲ್ಲಿ ಪ್ರಿಂಟರ್ ಇದ್ದದ್ದು ಮನೆಯಲ್ಲಲ್ಲ, ಕಾಕಾನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ. ರೈತರ ಪಟ್ಟಿ ಬರೆಯುವ ಕಂಪ್ಯೂಟರ್ ಕೂಡ ಅದೇ ವೈಫೈನಲ್ಲಿ. ರೂಟರ್ ಗೋಡೆಗೆ, ಕೈಗೆ ಸಿಗುವ ಎತ್ತರದಲ್ಲಿ. ಸುಗ್ಗಿ ದಿನ ರೈತರು, ಹಮಾಲರು, ಖರೀದಿದಾರರು ಅಂತ ಜನ ಬರ್ತಾ ಹೋಗ್ತಾ ಇರ್ತಾರೆ. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಿಲ್ಲ ಅಂತ ಕಾಕಾಗೆ ಹೆಮ್ಮೆ.

"ಹೇಳೋದ್ ಬ್ಯಾಡ ಕಾಕಾ, ಈ ಬಟನ್ ಒತ್ತಿದ್ರ ರೂಟರ್ ತಾನ ಹೇಳ್ತೈತಿ" ಅಂದೆವು.

ಬಟನ್ ಒತ್ತಿದ ಆ ಎರಡು ನಿಮಿಷ ರೂಟರ್‌ಗೆ ಪ್ರಿಂಟರ್ ಯಾವುದು, ಹೊರಗೆ ಬೈಕ್ ಮೇಲೆ ಕೂತವನ ಲ್ಯಾಪ್‌ಟಾಪ್ ಯಾವುದು ಅಂತ ಗೊತ್ತಾಗೋದಿಲ್ಲ. ಡಬ್ಲ್ಯೂಪಿಎಸ್ ಕೇಳುವ ಸಾಧನ ಎರಡು ಒಟ್ಟಿಗೆ ಕಂಡರೆ ಅದು ಇಬ್ಬರಿಗೂ ಬೇಡ ಅನ್ನಬೇಕು, ನಿಯಮ ಹಾಗಿದೆ. ಆದರೆ ಆ ಹೊತ್ತಲ್ಲಿ ಕೇಳ್ತಾ ಇರೋದು ಒಂದೇ ಸಾಧನವಾದರೆ, ಅದು ಯಾರದ್ದೇ ಆಗಿರಲಿ, ಪಾಸ್‌ವರ್ಡ್ ಅದಕ್ಕೇ. ಹಾಗಾಗಿ ನಾವು ಪ್ರಿಂಟರ್ ಬಟನ್ ಮೊದಲು ಒತ್ತಿ, ಲೈಟ್ ಮಿಣುಕಿದ ಮೇಲೆ ರೂಟರ್ ಬಟನ್ ಒತ್ತುತ್ತೇವೆ. ಆಗ ಬೇರೆಯವರು ಒಂಟಿಯಾಗಿ ಸಿಗುವ ಸಂದು ಇಲ್ಲ.

ಇಷ್ಟೇ ಆಗಿದ್ದರೆ ಡಬ್ಲ್ಯೂಪಿಎಸ್ ಅಷ್ಟೇನೂ ಕೆಟ್ಟದ್ದಲ್ಲ, ರೂಟರ್ ಎತ್ತರಕ್ಕೆ ಹಾಕಿದರಾಯ್ತು. ನಿಜವಾದ ತೂತು ಬಟನ್‌ನಲ್ಲಿಲ್ಲ. ಬಟನ್ ಜೊತೆ ಪಿನ್ ಅಂತ ಇನ್ನೊಂದು ದಾರಿಯೂ ಬರುತ್ತದೆ. ಎಂಟು ಅಂಕಿಯ ಆ ಪಿನ್ ಎಷ್ಟೋ ರೂಟರ್‌ಗಳ ಕೆಳಗಿನ ಸ್ಟಿಕರ್ ಮೇಲೇ ಇರುತ್ತದೆ. ಪಿನ್ ಸೌಲಭ್ಯ ಆನ್ ಇದ್ದರೆ ಯಾರೂ ಬಟನ್ ಒತ್ತದಿದ್ದರೂ ರೂಟರ್ ಇಪ್ಪತ್ನಾಲ್ಕು ಗಂಟೆ ಪಿನ್ ಕೇಳಿಸಿಕೊಳ್ಳಲು ತಯಾರು.

ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ ಅಂತ ನಾವು ಪ್ರಾಬಬಿಲಿಟಿ ಕ್ಲಾಸಿನ ಧೈರ್ಯದಲ್ಲಿ ಹೇಳಬಹುದು. ಆದರೆ ಎಂಟನೆಯ ಅಂಕಿ ಸ್ವತಂತ್ರವಲ್ಲ, ಉಳಿದ ಏಳರಿಂದ ಲೆಕ್ಕ ಹಾಕಿ ಬರುವ ಚೆಕ್‌ಸಮ್. 1234567 ತಗೊಳ್ಳಿ. 1, 3, 5, 7 ಕೂಡಿಸಿ ಮೂರರಿಂದ ಗುಣಿಸಿದರೆ 48. ಉಳಿದ 2, 4, 6 ಕೂಡಿಸಿದರೆ 12. ಒಟ್ಟು 60. ಮುಂದಿನ ಹತ್ತರ ಗುಣಕಕ್ಕೆ ಏನೂ ಸೇರಿಸಬೇಕಿಲ್ಲ, ಹಾಗಾಗಿ ಎಂಟನೆಯ ಅಂಕಿ 0. ಪಿನ್ 12345670. ಅಂದರೆ ಉಳಿದದ್ದು ಒಂದು ಕೋಟಿ. ಒಂದು ಪ್ರಯತ್ನಕ್ಕೆ ಎರಡು ಸೆಕೆಂಡ್ ಅಂತ ಇಟ್ಟುಕೊಂಡರೂ ಎಲ್ಲ ಮುಗಿಸೋಕೆ 231 ದಿನ ಬೇಕು.

ಎಡವಟ್ಟು ಆಗಿರೋದು ಮುಂದಿನ ಹೆಜ್ಜೆಯಲ್ಲಿ. ರೂಟರ್ ಪಿನ್‌ನ ಇಡಿಯಾಗಿ ನೋಡೋದಿಲ್ಲ. ಮೊದಲ ನಾಲ್ಕು ಅಂಕಿ ತಪ್ಪಾದರೆ ಅಲ್ಲೇ ಬೇಡ ಅಂದುಬಿಡುತ್ತದೆ, ಸರಿಯಾದರೆ ಮಾತ್ರ ಉಳಿದ ಅರ್ಧಕ್ಕೆ ಹೋಗುತ್ತದೆ. ಸೂಟ್‌ಕೇಸಿನ ನಂಬರ್ ಲಾಕ್ ಅರ್ಧ ಸರಿಯಾದಾಗಲೇ 'ಕಟ್' ಅಂತ ಸದ್ದು ಮಾಡಿದ ಹಾಗೆ. ಮೊದಲ ಅರ್ಧಕ್ಕೆ 10,000 ಪ್ರಯತ್ನ, ಎರಡನೆಯದರಲ್ಲಿ ಚೆಕ್‌ಸಮ್ ಬಿಟ್ಟು ಮೂರು ಅಂಕಿಗೆ 1,000. ಗುಣಿಸೋದಲ್ಲ, ಕೂಡಿಸೋದು: ಹೆಚ್ಚೆಂದರೆ 11,000. ಅದೇ ಎರಡು ಸೆಕೆಂಡ್ ಲೆಕ್ಕದಲ್ಲಿ ಸುಮಾರು ಆರು ಗಂಟೆ. ಸ್ಟೆಫಾನ್ ಫೀಬ್ಯೋಕ್ ಎಂಬ ಸಂಶೋಧಕ 2011ರ ಡಿಸೆಂಬರ್‌ನಲ್ಲಿ ಇದನ್ನು ಬಹಿರಂಗ ಮಾಡಿದ್ದು. ಆಮೇಲೆ ಬಂದ ರೂಟರ್‌ಗಳು ಕೆಲವು ತಪ್ಪು ಪಿನ್ ಆದ ಮೇಲೆ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತವೆ, ಒಳ್ಳೆಯದೇ. ಆದರೆ 2014ರಲ್ಲಿ ಡೊಮಿನಿಕ್ ಬೊಂಗಾರ್ ತೋರಿಸಿದ ದಾಳಿಗೆ ಅಷ್ಟು ಪ್ರಯತ್ನವೇ ಬೇಡ. ಕೆಲವು ಚಿಪ್‌ಗಳು ಬಳಸುವ ರ‍್ಯಾಂಡಮ್ ಸಂಖ್ಯೆ ಊಹಿಸುವಷ್ಟು ದುರ್ಬಲ, ಒಂದು ಸಲ ಮಾತಾಡಿಸಿ ಉಳಿದ ಲೆಕ್ಕ ತನ್ನ ಕಂಪ್ಯೂಟರ್‌ನಲ್ಲೇ ಮಾಡಬಹುದು.

ನಮಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬೇರೆ. ಅನುಮಾನ ಬಂದು ಕಾಕಾ ವೈಫೈ ಪಾಸ್‌ವರ್ಡ್ ಬದಲಿಸಿದರು ಅಂದುಕೊಳ್ಳಿ. ಪಿನ್ ಬದಲಾಗೋದಿಲ್ಲ. ಪಿನ್ ಗೊತ್ತಿದ್ದವನು ಅದನ್ನೇ ಕೊಟ್ಟು ಹೊಸ ಪಾಸ್‌ವರ್ಡ್ ಕೇಳಿ ಪಡೆಯುತ್ತಾನೆ.

ಹಾಗಾಗಿ ಪ್ರಿಂಟರ್ ಸೇರಿದ ಕೂಡಲೇ ಲ್ಯಾಪ್‌ಟಾಪ್‌ನಲ್ಲಿ 192.168.1.1 ಹಾಕಿ ರೂಟರ್ ಪುಟ ತೆರೆದೆವು (ಈ ವಿಳಾಸ ಸ್ಟಿಕರ್ ಮೇಲೆ ಇರುತ್ತದೆ, ಎಲ್ಲ ಕಡೆ ಇದೇ ಅಲ್ಲ). ವೈರ್‌ಲೆಸ್ ಭಾಗದಲ್ಲಿ WPS ಪೂರ್ತಿ ಆಫ್.

"ಅದನ್ನ ಬಂದ್ ಮಾಡಿದ್ರ ಪಟ್ಟಿ ಹೆಂಗ ಪ್ರಿಂಟ್ ಆಗ್ತಾವು?" ಅಂತ ಕಾಕಾ ಗಾಬರಿಯಾದರು. ಪಾಸ್‌ವರ್ಡ್ ಆಗಲೇ ಪ್ರಿಂಟರ್‌ನ ಮೆಮೊರಿಯಲ್ಲಿತ್ತಲ್ಲ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆವು, ತಾನಾಗಿ ಸೇರಿಕೊಂಡಿತು, ಪಟ್ಟಿ ಬಂತು. ಕೆಲವು ಹಳೇ ರೂಟರ್‌ಗಳಲ್ಲಿ ಆಫ್ ಅಂದರೂ ಪಿನ್ ನಿಜಕ್ಕೂ ಆಫ್ ಆಗ್ತಿರಲಿಲ್ಲ. ಅಂಥದ್ದಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಹಾಕಬೇಕು, ಸಿಗದಿದ್ದರೆ ರೂಟರ್ ಬದಲಿಸಬೇಕು.

ಹಾವೇರಿಯ ಮನೆಯಲ್ಲಿ ಬಟನ್ ಕೆಲಸವೇ ಮಾಡಲಿಲ್ಲ, ಲೈಟ್ ಮಿಣುಕಿ ಮಿಣುಕಿ ಸುಮ್ಮನಾಯಿತು. ರೂಟರ್ ಡಬ್ಲ್ಯೂಪಿಎ3 ಮಾತ್ರ ಅಂತ ಸೆಟ್ ಆಗಿತ್ತು, ಅದರ ಜೊತೆ ಡಬ್ಲ್ಯೂಪಿಎಸ್ ನಡೆಯೋದಿಲ್ಲ. ಆ ಪ್ರಿಂಟರ್‌ಗೂ ಡಬ್ಲ್ಯೂಪಿಎ3 ಬರ್ತಿರಲಿಲ್ಲ. ಅದಕ್ಕೆ ರೂಟರ್‌ನ ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಒಪ್ಪುವ ಮೋಡ್‌ಗೆ ಹಾಕಿದೆವು, ಡಬ್ಲ್ಯೂಪಿಎಸ್ ಮಾತ್ರ ಆಫ್. ಪ್ರಿಂಟರ್ ಕಂಪನಿಯ ಆ್ಯಪ್ ಅಮ್ಮನ ಫೋನಿಗೆ ಹಾಕಿಕೊಂಡೆವು. ಸೆಟಪ್ ಹೊತ್ತಲ್ಲಿ ಪ್ರಿಂಟರ್ ತನ್ನದೇ ಒಂದು ಸಣ್ಣ ವೈಫೈ ಬಿಡುತ್ತದೆ, ಫೋನ್ ಅದಕ್ಕೆ ಸೇರಿ ಮನೆಯ ಪಾಸ್‌ವರ್ಡ್ ದಾಟಿಸುತ್ತದೆ. ಹತ್ತು ನಿಮಿಷ ಹೆಚ್ಚು ಹಿಡಿಯಿತು, ನಡುವೆ ಆ್ಯಪ್ ಎರಡು ಸಲ ಅಕೌಂಟ್ ಮಾಡ್ಕೋ ಅಂತ ಪೀಡಿಸಿತು. ಆದರೂ ಈಗ ಯಾರಾದರೂ ಕೇಳಿದರೆ ನಾವು ಮೊದಲು ಹೇಳೋದು ಆ್ಯಪ್ ದಾರಿ. ಅದು ಕೈಕೊಟ್ಟರೆ ಮಾತ್ರ ಬಟನ್, ಬಟನ್ ಆದ ಮೇಲೆ ಆಫ್.