ಯೋಬನ ಹತ್ತು ಮಕ್ಕಳು

ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಒಂದು ಲೆಕ್ಕವಿದೆ. ಕಳೆದುಹೋದ 7,000 ಕುರಿಗಳಿಗೆ 14,000 ಬಂದವು, 3,000 ಒಂಟೆಗಳಿಗೆ 6,000. ಮಕ್ಕಳು ಮಾತ್ರ ಇಮ್ಮಡಿಯಾಗಲಿಲ್ಲ. ಮೊದಲಿದ್ದಂತೆಯೇ ಏಳು ಗಂಡು, ಮೂರು ಹೆಣ್ಣು. ಈ ಲೆಕ್ಕವನ್ನು ಎಷ್ಟೋ ಸಲ ಓದಿದ್ದ ನಾನು, ಒಬ್ಬ ತಾಯಿಯ ಮುಂದೆ ಪ್ರಸಂಗಕ್ಕೆ ನಿಲ್ಲುವವರೆಗೂ ಅದನ್ನು ನೋಡಿರಲಿಲ್ಲ.

ಕೊರ್ತಾಲಿಮ್‌ನಲ್ಲಿ, ಜುವಾರಿ ನದಿಯ ಈಚೆ ದಂಡೆಯಲ್ಲಿ, ನಮ್ಮದೊಂದು ಸಣ್ಣ ಕನ್ನಡ ಸಭೆ ಬಾಡಿಗೆ ಕೋಣೆಯಲ್ಲಿ ಕೂಡುತ್ತದೆ. ಬಾಗಲಕೋಟೆ, ಗದಗದ ಕಡೆಯಿಂದ ದುಡಿಯಲು ಬಂದವರೇ ಹೆಚ್ಚು. ಅವರಲ್ಲೊಬ್ಬರ ಮಗ ಕಟ್ಟಡದ ಸಾರುವೆಯಿಂದ ಬಿದ್ದು ತೀರಿಕೊಂಡ. ಆರಾಧನೆಗೆ ನಾನು ಯೋಬನನ್ನು ಆರಿಸಿಕೊಂಡೆ. ಮೊದಲೆರಡು ಅಧ್ಯಾಯಗಳ ಕಷ್ಟ ಹೇಳಿ, ನಡುವಿನ ಮೂವತ್ತೊಂಬತ್ತು ಅಧ್ಯಾಯ ಹಾರಿ, ನೇರವಾಗಿ ನಲವತ್ತೆರಡಕ್ಕೆ ಬಂದೆ. ದೇವರು ಕಿತ್ತುಕೊಂಡದ್ದನ್ನು ಇಮ್ಮಡಿಯಾಗಿ ಕೊಡುತ್ತಾನೆ ಎಂದೆ. ಹಿಂದಿನ ಸಾಲಿನವರು ಜೋರಾಗಿ ಆಮೆನ್ ಅಂದರು. ಆ ಆಮೆನ್ ಕೇಳಿ ಪ್ರಸಂಗ ಚೆನ್ನಾಗಿ ಹೋಗುತ್ತಿದೆ ಎಂದುಕೊಂಡೆ. ಆದರೆ ಅದು ಮನೆಯಲ್ಲಿ ಯಾರೂ ಸಾಯದವರ ಆಮೆನ್ ಆಗಿತ್ತು. ಮುಂದಿನ ಸಾಲಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ಪ್ರಾರ್ಥನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಆ ತಾಯಿ ಕೇಳಿದರು: "ಅಯ್ಯಾರ, ಮದಲಿನ ಹತ್ತು ಮಕ್ಳು ತಿರುಗಿ ಬಂದ್ವೇನ್ರಿ?"

ಬರಲಿಲ್ಲ. ಗ್ರಂಥವೂ ಬಂದವೆಂದು ಹೇಳುವುದಿಲ್ಲ. ಆ ಮಕ್ಕಳು ಬೇರೆ ಲೋಕದಲ್ಲಿ ಉಳಿದಿದ್ದಾರೆ, ಅದಕ್ಕೇ ಲೆಕ್ಕ ಇಮ್ಮಡಿಯಾಗಲಿಲ್ಲ ಎಂದು ವಿವರಿಸುವ ಬೋಧಕರಿದ್ದಾರೆ. ಪುನರುತ್ಥಾನವನ್ನು ನಾನೂ ನಂಬುತ್ತೇನೆ, ಆದರೆ ಈ ಅಧ್ಯಾಯದ ಬಾಯಲ್ಲಿ ಆ ಮಾತಿಲ್ಲ. ಎರಡನೆಯ ಸಲ ಹುಟ್ಟಿದ ಹೆಣ್ಣುಮಕ್ಕಳಿಗೆ ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್ ಎಂಬ ಹೆಸರುಗಳಿವೆ. ಸತ್ತ ಹತ್ತರಲ್ಲಿ ಒಬ್ಬರ ಹೆಸರೂ ಇಲ್ಲ. ಅವರನ್ನು ಹೆತ್ತವಳು ಎರಡನೆಯ ಅಧ್ಯಾಯದಲ್ಲಿ ಒಂದೇ ಒಂದು ಕಹಿ ಮಾತಾಡಿ ಸುಮ್ಮನಾಗುತ್ತಾಳೆ. ಆಮೇಲೆ ಆಕೆಗೇನಾಯಿತೆಂದು ಕೊನೆಯ ಅಧ್ಯಾಯ ಕೇಳುವುದೇ ಇಲ್ಲ. ನಾನು ಕೂಡ ಆ ದಿನ ಹುಡುಗನ ಹೆಸರನ್ನು ಶುರುವಿಗೆ ಒಮ್ಮೆ ಹೇಳಿ ಬಿಟ್ಟಿದ್ದೆ.

ಹಾರಿಹೋದ ನಡುಭಾಗದಲ್ಲೇ ಆ ಮನೆಗೆ ಬೇಕಾದದ್ದಿತ್ತು. ಅದಕ್ಕೆ ಮುಂಚೆ, ಎರಡನೆಯ ಅಧ್ಯಾಯದ ಕೊನೆಯಲ್ಲೇ, ಮೂವರು ಗೆಳೆಯರು ಬಂದು ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿ. ಬಾಯಿ ತೆರೆದ ಮೇಲೆ ಕೆಡುತ್ತದೆ. ಎಂಟನೆಯ ಅಧ್ಯಾಯದಲ್ಲಿ ಬಿಲ್ದದನು, ನಿನ್ನ ಮಕ್ಕಳು ಮಾಡಿದ ಪಾಪಕ್ಕೇ ಸತ್ತಿರಬೇಕು ಎಂಬ ಅರ್ಥದ ಮಾತನ್ನು ಆ ತಂದೆಯ ಎದುರಿಗೇ ಆಡುತ್ತಾನೆ. ನಮ್ಮ ಕಾಲನಿಯಲ್ಲೂ ಬಿಲ್ದದರಿದ್ದರು. ಹುಡುಗ ಭಾನುವಾರ ಸಭೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ, ಅದಕ್ಕೇ ಹೀಗಾಯಿತು ಎಂಬ ಪಿಸುಮಾತು ಆ ತಾಯಿಯ ಕಿವಿಗೂ ಬಿದ್ದಿತ್ತು. ನನಗದು ತಡವಾಗಿ ತಿಳಿಯಿತು. ಪ್ರಸಂಗ ಬರೆಯುವ ಮೊದಲು ಆ ಮನೆಯಲ್ಲಿ ಕೂತು, ಯಾರು ಏನು ಹೇಳಿ ಹೋದರು ಎಂದು ಕೇಳಿದ್ದರೆ ತಿಳಿಯುತ್ತಿತ್ತು. ಈಗ ಟಿಪ್ಪಣಿಗೆ ಕೂರುವ ಮುಂಚೆ ಅದನ್ನೇ ಕೇಳುತ್ತೇನೆ.

ವರ್ಷದ ಜ್ಞಾಪಕಾರ್ಥ ಪ್ರಾರ್ಥನೆಗೆ ಅದೇ ಗ್ರಂಥವನ್ನು ಮತ್ತೆ ಎತ್ತಿಕೊಂಡೆ. ಹುಡುಗನ ಹೆಸರು, ಅವನು ಸಂಬಳದಲ್ಲಿ ತಂಗಿಗೆ ಕೊಡಿಸಿದ್ದ ಸೈಕಲ್, ಇವನ್ನು ಮೊದಲು ಹೇಳಿದೆ. ಆಮೇಲೆ ಬಿಲ್ದದನ ಮಾತು ಓದಿ, ಕೊನೆಯಲ್ಲಿ ದೇವರೇ ಆ ಗೆಳೆಯರನ್ನು ಗದರಿ, ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪು ಕೊಡುವುದನ್ನು ಓದಿದೆ. ಜಗಳ ಆಡಿದವನು, ಹುಟ್ಟಿದ ದಿನವನ್ನೇ ಶಪಿಸಿದವನು ಅವನು. ಭಾನುವಾರದ ಪಿಸುಮಾತನ್ನು ಬೇರೆಯಾಗಿ ಎತ್ತಲಿಲ್ಲ, ಎತ್ತುವ ಅಗತ್ಯ ಬೀಳಲಿಲ್ಲ.

ಏಕೆ ಹೀಗಾಯಿತು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲವೆಂದೂ ಹೇಳಿದೆ. ಪರಲೋಕದಲ್ಲಿ ಸೈತಾನ ಹೂಡಿದ ಸವಾಲಿನ ಸಂಗತಿ ಓದುವ ನಮಗೆ ಗೊತ್ತು, ಯೋಬನಿಗೆ ಕಡೆಯವರೆಗೂ ಯಾರೂ ಹೇಳುವುದಿಲ್ಲ.

ನಲವತ್ತೆರಡನೆಯ ಅಧ್ಯಾಯವನ್ನು ಬಿಡಲಿಲ್ಲ, ಹನ್ನೊಂದನೆಯ ವಚನಕ್ಕೆ ನಿಂತೆ. ಇಮ್ಮಡಿಯಾಗಿ ಕೊಟ್ಟನೆಂದು ಹತ್ತನೆಯ ವಚನವೇ ಹೇಳಿಯಾಗಿದೆ. ಆದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು, ಪರಿಚಯದವರು ಮನೆಗೆ ಬಂದು, ಅವನ ಜೊತೆ ಊಟ ಮಾಡಿ, ಬಂದೊದಗಿದ ಕೇಡಿಗಾಗಿ ಸಂತೈಸುತ್ತಾರೆ. ಒಬ್ಬೊಬ್ಬರೂ ಒಂದಿಷ್ಟು ಹಣ, ಒಂದು ಚಿನ್ನದ ಉಂಗುರ ಕೊಟ್ಟು ಹೋಗುತ್ತಾರೆ. ಮಂದೆ ತುಂಬಿದ ಮೇಲೂ ಯೋಬನಿಗೆ ಸಂತೈಸುವವರು ಬೇಕಾಗಿದ್ದರು. ವರ್ಷ ಕಳೆದರೂ ಅಳುತ್ತಾಳೆ, ವಿಶ್ವಾಸ ಸಾಲದು ಎಂದು ಆ ತಾಯಿಯನ್ನು ಆಡಿಕೊಳ್ಳುವವರಿದ್ದರು, ಅದಕ್ಕೇ ಈ ವಚನವನ್ನು ಎರಡು ಸಲ ಓದಿದೆ.

ಸಭೆಯ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. "ಪ್ರಸಂಗ ಅರ್ಧಕ್ಕ ಬಿಟ್ರಲ್ರೀ, ಕುರಿ ಒಂಟಿ ಬಂದದ್ದು ಹೇಳಲೇ ಇಲ್ಲ" ಎಂದರು. ಬೇಕಾದರೆ ಸುಗ್ಗಿಯ ಆರಾಧನೆಯಲ್ಲಿ ಹೇಳುತ್ತೇನೆ ಎಂದೆ.