ಮೊದಲು ಡ್ರಮ್ಮು, ಕೊನೆಗೆ ಎಂಡ್ ಕ್ಯಾಪು: ಡ್ರಿಪ್ ವಿಡಿಯೋಗೆ ನಾನು ಬರೆದ ಸ್ಕ್ರಿಪ್ಟು

ಈ ಸಲದ ಬರಹ ಸ್ವಲ್ಪ ಉದ್ದ ಐತೆ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ತಂಗಿದು 20 ಗುಂಟೆ ಜಮೀನು. ಟೊಮೇಟೊ ನಾರು ನರ್ಸರಿಯಲ್ಲಿ ರೆಡಿಯಾಗಿತ್ತು, ದುಡ್ಡೂ ಕಟ್ಟಾಗಿತ್ತು. ಡ್ರಿಪ್ ಸಾಮಾನು ಮನೆ ಮುಂದೆ ಬಿದ್ದಿತ್ತು, ಕೂರಿಸೋ ಹುಡುಗರು ಮಾತ್ರ ಇವತ್ತು ನಾಳೆ ಅಂತಿದ್ರು. ಟ್ರೇನಲ್ಲಿರೋ ನಾರು ಹೆಚ್ಚು ದಿನ ಕಾಯಲ್ಲ, ಕಡ್ಡಿ ಥರ ಉದ್ದ ಬೆಳೆದು ಸೊರಗುತ್ತೆ. "ಅಣ್ಣಾ, ಹೇಳಿಕೊಟ್ರೆ ನಾನೇ ಕೂರಿಸ್ತೀನಿ" ಅಂದ್ಲು ತಂಗಿ. ಅವಳ ಮಗ "ಮಾವ, ನೀವು ಹೇಳಿ, ನಾನು ಫೋನಲ್ಲಿ ವಿಡಿಯೋ ತೆಗೀತೀನಿ, ಬೇರೆಯವರಿಗೂ ಆಗುತ್ತೆ" ಅಂದ. ಹೇಳೋದು ಹೆಚ್ಚುಕಮ್ಮಿ ಆಗಬಾರದು ಅಂತ ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಆ ಸ್ಕ್ರಿಪ್ಟಿನ ಕ್ರಮ ಯಾಕೆ ಹಾಗೆ ಬಂತು ಅನ್ನೋದೇ ಈ ಬರಹ.

ಹುಡುಗನ ಆಸೆ ಬೇರೆ ಇತ್ತು. ಕರಿ ಪೈಪಿನ ಸುರುಳಿ ಬಿಚ್ಚಿ ಸಾಲಿನುದ್ದಕ್ಕೂ ಉರುಳಿಸೋದು ನೋಡೋಕೆ ಚೆಂದ, ಅಲ್ಲಿಂದಲೇ ಶುರು ಮಾಡೋಣ ಅಂದ. ನಾನು ಒಪ್ಪಲಿಲ್ಲ. ಇಂಥ ವಿಡಿಯೋನ ಜನ ಮನೇಲಿ ಕೂತು ನೋಡಿ ಮರೆಯೋದಿಲ್ಲ. ಹೊಲದಲ್ಲಿ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪೈಪು ಹಿಡ್ಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡ್ತಾರೆ. ವಿಡಿಯೋದಲ್ಲಿ ಯಾವುದು ಮೊದಲು ಬಂತೋ ಕೈ ಅದನ್ನೇ ಮೊದಲು ಮಾಡುತ್ತೆ. ಅದಕ್ಕೆ ಕೆಲಸ ಯಾವ ಕ್ರಮದಲ್ಲಿ ನಡೀಬೇಕೋ ಚಿತ್ರವೂ ಅದೇ ಕ್ರಮದಲ್ಲಿ ಇರಬೇಕು. ಪ್ರತಿ ಹಂತದ ಕೊನೆಗೆ ಒಂದು ಮಾತು ಸೇರಿಸಿದೆ: "ಇಲ್ಲಿ ವಿಡಿಯೋ ನಿಲ್ಲಿಸಿ. ನಿಮ್ಮ ಹೊಲದಲ್ಲಿ ಇದು ಕಾಣಿಸಿದ ಮೇಲೆ ಮುಂದಕ್ಕೆ ಹೋಗಿ."

ಮೊದಲನೇ ದೃಶ್ಯ ಪೈಪಲ್ಲ, ಡ್ರಮ್ಮು. 200 ಲೀಟರಿನ ಡ್ರಮ್ಮು ಬೋರಿನ ಬಾಯಿಗೆ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತೆ ಅಂತ ಗಡಿಯಾರ ನೋಡೋದು. ಮೋಟರ್ ಆನ್ ಮಾಡಿದ ತಕ್ಷಣ ಅಳೀಬಾರದು. ಬೋರಲ್ಲಿ ನಿಂತಿದ್ದ ನೀರು ಮೊದಲು ಜೋರಾಗಿ ಬಂದು ಆಮೇಲೆ ಇಳಿಯುತ್ತೆ. ಒಂದು ಗಂಟೆ ಓಡಿದ ಮೇಲೆ ಅಳೆದದ್ದೇ ನಿಜವಾದ ಲೆಕ್ಕ. ತಂಗಿ ಬೋರಲ್ಲಿ ಡ್ರಮ್ಮು ತುಂಬೋಕೆ 2 ನಿಮಿಷ ಹಿಡೀತು. ಅಂದ್ರೆ ಗಂಟೆಗೆ 6,000 ಲೀಟರ್.

ಈಗ ಹೊಲದ ಲೆಕ್ಕ. ಜಮೀನು 165 ಅಡಿ ಉದ್ದ, 132 ಅಡಿ ಅಗಲ. ನಾಲ್ಕು ಅಡಿಗೊಂದು ಸಾಲು ಅಂದ್ರೆ 33 ಸಾಲು. ಅವಳಿಗೆ ಬಂದಿರೋ ಲ್ಯಾಟರಲ್ ಪೈಪಲ್ಲಿ 40 ಸೆಂಟಿಮೀಟರಿಗೆ ಒಂದು ತೂತು, ಒಂದು ತೂತಿಂದ ಗಂಟೆಗೆ 2 ಲೀಟರ್ ನೀರು. ಒಂದು ಸಾಲಿಗೆ 125 ತೂತು, ಅಂದ್ರೆ ಗಂಟೆಗೆ 250 ಲೀಟರ್. 33 ಸಾಲೂ ಒಟ್ಟಿಗೆ ಬಿಟ್ರೆ 8,250 ಲೀಟರ್ ಬೇಕು. ಬೋರಲ್ಲಿ ಇರೋದೇ 6,000. ಒಟ್ಟಿಗೆ ಬಿಟ್ಟರೆ ಪೈಪಲ್ಲಿ ಪ್ರೆಶರ್ ಏರೋದೇ ಇಲ್ಲ, ಹತ್ತಿರದ ಗಿಡಕ್ಕೆ ಹೆಚ್ಚು, ದೂರದ್ದಕ್ಕೆ ಕಮ್ಮಿ. ಗಿಡ ಬಾಡಿದಾಗ ಜನ ಬೋರಿನ ಮೇಲೋ ಗೊಬ್ಬರದ ಮೇಲೋ ಅನುಮಾನ ಪಡ್ತಾರೆ. ಅದಕ್ಕೇ ಹೊಲಾನ ಎರಡು ಭಾಗ ಮಾಡಿ ಎರಡು ವಾಲ್ವ್ ಹಾಕಿದ್ವಿ. ಒಂದು ಕಡೆ 17 ಸಾಲು, ಇನ್ನೊಂದು ಕಡೆ 16. ದೊಡ್ಡ ಭಾಗಕ್ಕೂ 4,250 ಲೀಟರ್ ಸಾಕು. ಮಿಕ್ಕ ನೀರು ಬೈಪಾಸ್ ವಾಲ್ವಿಂದ ತೊಟ್ಟಿಗೆ ವಾಪಸ್.

ಈ ಲೆಕ್ಕ ಮೊದಲೇ ಯಾಕೆ ಬೇಕು ಅಂದ್ರೆ, ಪೈಪು ಹೂತ ಮೇಲೆ ಎರಡು ಭಾಗ ಮಾಡಬೇಕಾದ್ರೆ ಮಣ್ಣು ಅಗೆದು, ಅಂಟಿಸಿದ ಪೈಪು ಕತ್ತರಿಸಬೇಕು. ಡ್ರಮ್ಮಿನ ಹತ್ತಿರ ಆದ್ರೆ ಪೆನ್ನು ಪೇಪರಲ್ಲಿ ಮುಗೀತು.

ಎರಡನೇ ದೃಶ್ಯ ಫಿಲ್ಟರು. ಒಂದು ಬಕೆಟ್ ನೀರು ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಬಿಡಿ, ಆಮೇಲೆ ಮೇಲಿನ ನೀರು ಚೆಲ್ಲಿ ತಳಾನ ಬೆರಳಲ್ಲಿ ಉಜ್ಜಿ ನೋಡಿ. ಗರಗರ ಅಂದ್ರೆ ಮರಳು ಬರ್ತಾ ಐತೆ ಅಂತ, ಜಾಲರಿ ಫಿಲ್ಟರಿಗೆ ಮುಂಚೆ ಹೈಡ್ರೋಸೈಕ್ಲೋನ್ ಬೇಕು. ಕೃಷಿ ಹೊಂಡದ ನೀರಾದ್ರೆ ಪಾಚಿ ಬರುತ್ತೆ, ಅದಕ್ಕೆ ಮರಳಿನ ಫಿಲ್ಟರು ಬೇಕು. ತಂಗಿ ಬೋರಿನ ನೀರು ತಿಳಿಯಾಗಿತ್ತು, ಜಾಲರಿ ಫಿಲ್ಟರೇ ಸಾಕಾಯ್ತು. ಕ್ಯಾಮೆರಾ ಇಲ್ಲಿ ಹತ್ತಿರ ಬರಬೇಕು ಅಂತ ಬರೆದೆ. ಫಿಲ್ಟರ್ ಮೈಮೇಲೆ ಒಂದು ಬಾಣದ ಗುರುತು ಇರುತ್ತೆ, ನೀರು ಹರಿಯೋ ದಿಕ್ಕಿಗೇ ಅದು ಇರಬೇಕು. ಗೊಬ್ಬರ ಬಿಡೋ ವೆಂಚುರಿ ಫಿಲ್ಟರಿಗಿಂತ ಮುಂಚೆ ಬರಬೇಕು. ಆಗ ಕರಗದೆ ಉಳಿದ ಗೊಬ್ಬರದ ಚೂರು ಜಾಲರಿಯಲ್ಲೇ ನಿಲ್ಲುತ್ತೆ. ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಗೇಜ್ ಇರಬೇಕು. ಎರಡಕ್ಕೂ ವ್ಯತ್ಯಾಸ ಅರ್ಧ ಕೆಜಿಗೆ ಬಂತು ಅಂದ್ರೆ ಜಾಲರಿ ಕಟ್ಟಿದೆ, ಬಿಚ್ಚಿ ತೊಳೀಬೇಕು.

ಮೂರನೇದು ಸಬ್‌ಮೇನ್. ಇಡೀ ವಿಡಿಯೋದಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಟ್ಟಿದೀನಿ. ನೇಗಿಲು, ರೋಟವೇಟರು ತಗುಲದ ಹಾಗೆ ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆ ತೆಗೆದು ಪಿವಿಸಿ ಪೈಪು ಇಟ್ಟು, ಸೊಲ್ಯೂಷನ್ ಹಚ್ಚಿ ಜೋಡಿಸಬೇಕು. ಅಂಟು ಒಣಗೋವರೆಗೂ ನೀರು ಬಿಡಬಾರದು, ನಾವು ಒಂದು ರಾತ್ರಿ ಹಾಗೇ ಬಿಟ್ವಿ. ಮಾರನೇ ದಿನ ನಾಲ್ಕು ಅಡಿಗೊಂದು ಗುರುತು ಹಾಕಿ ಡ್ರಿಲ್ಲಲ್ಲಿ ತೂತು ಕೊರೆದ್ವಿ. ಗ್ರೋಮೆಟ್ ಯಾವ ಕಂಪನಿದೋ ಅದರ ಅಳತೆಯ ಡ್ರಿಲ್ ಬಿಟ್ಟೇ ಆಗಬೇಕು. ಮೊದಲು ವೇಸ್ಟ್ ಪೈಪಿನ ತುಂಡಲ್ಲಿ ಒಂದು ತೂತು ಕೊರೆದು ಗ್ರೋಮೆಟ್ ಹಾಕಿ ನೋಡಿ. ಬೆರಳಲ್ಲಿ ಒತ್ತಿದ್ರೆ ಬಿಗಿಯಾಗಿ ಕೂರಬೇಕು. ಸಲೀಸಾಗಿ ಒಳಗೆ ಹೋದರೆ ತೂತು ದೊಡ್ಡದು, ಅಲ್ಲಿ ನೀರು ಸೋರೋದು ಖಂಡಿತ. ಡ್ರಿಲ್ ನೆಟ್ಟಗೆ ಹಿಡಿದು, ಪೈಪಿನ ಆ ಕಡೆ ಗೋಡೆಗೆ ತಾಗದ ಹಾಗೆ ಕೊರೀಬೇಕು.

ಕೊರೆದಾಗ ಬಿಳಿ ಚೂರು ಪೈಪಿನ ಒಳಗೂ ಬೀಳುತ್ತೆ. ಇದು ಫಿಲ್ಟರ್ ದಾಟಿದ ಜಾಗ, ಇಲ್ಲಿ ಬಿದ್ದದ್ದನ್ನ ಯಾವ ಜಾಲರಿಯೂ ಹಿಡಿಯಲ್ಲ. ಲ್ಯಾಟರಲ್ ಮೊದಲೇ ಸಿಕ್ಕಿಸಿ ನೀರು ಬಿಟ್ರೆ ಆ ಚೂರೆಲ್ಲ ಸೀದಾ ಡ್ರಿಪ್ಪರ್ ಒಳಗೆ ಹೋಗಿ ಕೂರುತ್ತೆ. ಇನ್‌ಲೈನ್ ಪೈಪಲ್ಲಿ ಡ್ರಿಪ್ಪರ್ ಬಿಚ್ಚಿ ತೊಳೆಯೋಕೆ ಆಗಲ್ಲ, ಆ ತೂತು ಹೋದ ಹಾಗೇ. ಅದಕ್ಕೆ ಸ್ಕ್ರಿಪ್ಟಲ್ಲಿ ಹೀಗೆ ಬರೆದೆ: "ಗ್ರೋಮೆಟ್ ಹಾಕಿ, ಟೇಕ್‌ಆಫ್ ಸಿಕ್ಕಿಸಿ, ಲ್ಯಾಟರಲ್ ಇನ್ನೂ ಮುಟ್ಟಬೇಡಿ. ಸಬ್‌ಮೇನ್ ಕೊನೆಯ ಫ್ಲಶ್ ವಾಲ್ವ್ ಪೂರ್ತಿ ತೆಗೆದು ಮೋಟರ್ ಆನ್ ಮಾಡಿ. ಬರೋ ನೀರು ಬಿಳಿ ಬಟ್ಟೆಯಲ್ಲಿ ಹಿಡೀರಿ. ಬಟ್ಟೆ ಮೇಲೆ ಚೂರು ಬೀಳೋದು ನಿಲ್ಲೋವರೆಗೂ ನೀರು ಹೋಗಲಿ." ತಂಗಿ ಹಳೇ ಪಂಚೆ ತುಂಡು ಹಿಡಿದಳು. ಮೊದಲ ಸಲ ಹಿಡಿದಾಗ ಕೊಬ್ಬರಿ ತುರಿ ಚೆಲ್ಲಿದ ಹಾಗೆ ಬಿತ್ತು. "ಇಷ್ಟೊಂದು ಇತ್ತಾ ಒಳಗೆ!" ಅಂದ್ಲು. ಆ ಮಾತನ್ನ ಹುಡುಗ ವಿಡಿಯೋದಲ್ಲಿ ಹಾಗೇ ಉಳಿಸಿದಾನೆ.

ನಾಲ್ಕನೇದಾಗಿ ಹುಡುಗ ಕಾಯ್ತಿದ್ದ ಕರಿ ಪೈಪು. ಸುರುಳಿ ಮಲಗಿಸಿ ಒಳಗಿಂದ ಎಳೆದ್ರೆ ಪೈಪು ತಿರುಚ್ಕೊಳ್ಳುತ್ತೆ. ಒಬ್ಬರು ಸುರುಳಿ ನಿಲ್ಲಿಸಿ ಗಾಲಿ ಥರ ತಿರುಗಿಸಬೇಕು, ಇನ್ನೊಬ್ಬರು ತುದಿ ಹಿಡಿದು ನಡೀಬೇಕು. ತೂತು ಆಕಾಶ ನೋಡೋ ಹಾಗೆ ಹಾಸಿ. ಕೆಳಗೆ ತಿರುಗಿಸಿದ್ರೆ ಪೈಪಿನ ತಳದಲ್ಲಿ ನಿಲ್ಲೋ ಹೂಳು ತೂತಿಗೇ ಇಳಿಯುತ್ತೆ. ಬಿಗಿಯಾಗಿ ಎಳೆದು ಕಟ್ಟಬೇಡಿ. ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿದ ಪೈಪು ರಾತ್ರಿ ತಂಪಿಗೆ ಕುಗ್ಗಿ ಟೇಕ್‌ಆಫಿಂದ ಕಳಚ್ಕೊಳ್ಳುತ್ತೆ. ಸ್ವಲ್ಪ ಸಡಿಲ ಬಿಟ್ಟು ಗೂಟ ಹೊಡೀರಿ.

ಹಾಸಿದ ತಕ್ಷಣ ಎಂಡ್ ಕ್ಯಾಪ್ ಹಾಕೋ ಆತುರ ಎಲ್ಲರಿಗೂ ಇರುತ್ತೆ. ಅದಕ್ಕೇ ಎಂಡ್ ಕ್ಯಾಪಿನ ಚೀಲಾನ ತೊಟ್ಟಿ ಹತ್ತಿರವೇ ಬಿಟ್ಟು ಬನ್ನಿ ಅಂತ ಬರೆದೆ. ಮೊದಲು ತುದಿ ಎಲ್ಲಾ ತೆರೆದೇ ನೀರು ಬಿಡಬೇಕು. 17 ತುದಿಯಲ್ಲೂ ನೀರು ಶುದ್ಧ ಬಂದ ಮೇಲೆ ವಾಲ್ವ್ ಹತ್ತಿರದ ಸಾಲಿನಿಂದ ಒಂದೊಂದೇ ಮುಚ್ಚುತ್ತಾ ಹೋಗಿ. ಮುಚ್ಚಿದ ಹಾಗೆಲ್ಲ ಮಿಕ್ಕಿದ್ದರಲ್ಲಿ ರಭಸ ಹೆಚ್ಚಿ ಉಳಿದ ಕಸವೂ ಹೊರಗೆ ಬೀಳುತ್ತೆ.

ಕೊನೇ ದೃಶ್ಯ ಪರೀಕ್ಷೆ. ಎಲ್ಲಾ ಮುಚ್ಚಿದ ಮೇಲೆ ಸಬ್‌ಮೇನಲ್ಲಿ ಸುಮಾರು 1 ಕೆಜಿ ಪ್ರೆಶರ್ ನಿಲ್ಲೋ ಹಾಗೆ ಬೈಪಾಸ್ ತಿರುಗಿಸ್ಕೊಳ್ಳಿ. ಗಂಟೆಗೆ 2 ಲೀಟರಿನ ತೂತು 3 ನಿಮಿಷಕ್ಕೆ 100 ಮಿಲಿ ಕೊಡಬೇಕು. ತೂತಿನ ಕೆಳಗೆ ಸಣ್ಣ ಗುಳಿ ತೋಡಿ ಲೋಟ ಇಟ್ಟು, ಔಷಧಿ ಅಳೆಯೋ ಜಗ್ಗಲ್ಲಿ ಅಳೀರಿ. ನಾಲ್ಕು ಕಡೆ ಸಾಕು: ಮೊದಲ ಸಾಲಿನ ತಲೆ, ಬಾಲ; ಕೊನೇ ಸಾಲಿನ ತಲೆ, ಬಾಲ.

ತಂಗಿ ಹೊಲದಲ್ಲಿ ಮೊದಲ ಸಾಲಲ್ಲಿ 100, 95 ಬಂತು. ಕೊನೇ ಸಾಲಿನ ತಲೆಯಲ್ಲಿ 98, ಬಾಲದಲ್ಲಿ ಬರೀ 60. "ಬೋರೇ ಸಾಲ್ತಿಲ್ವೇನೋ ಅಣ್ಣಾ" ಅಂತ ಅವಳ ಮುಖ ಸಣ್ಣಗಾಯ್ತು. ಬೋರು ಸಾಲದಿದ್ರೆ ಎಲ್ಲಾ ಸಾಲಿನ ಬಾಲದಲ್ಲೂ ಕಮ್ಮಿ ಬರಬೇಕಿತ್ತು. ಸಬ್‌ಮೇನಲ್ಲಿ ತೊಂದರೆ ಇದ್ರೆ ಕೊನೇ ಸಾಲಿನ ತಲೆಯಲ್ಲೇ ಕಮ್ಮಿ ಇರಬೇಕಿತ್ತು. ಇಲ್ಲಿ ತಲೆ ಸರಿ, ಬಾಲ ಮಾತ್ರ ಕಮ್ಮಿ. ಅಂದ್ರೆ ತೊಂದರೆ ಆ ಒಂದು ಸಾಲಿನ ನಡುವೆಯೇ ಇದೆ. ಪಕ್ಕದ ಸಾಲು ಅಳೆದ್ವಿ, 94 ಬಂತು. ಆಮೇಲೆ ಕೊನೇ ಸಾಲನ್ನ ಕೈಯಲ್ಲಿ ಸವರ್ತಾ ನಡೆದ್ರೆ ಬದುವಿನ ಹತ್ತಿರ ಮಣ್ಣಿನ ಕೆಳಗೆ ಪೈಪು ಮಡಚಿಕೊಂಡಿತ್ತು. ಬಿಡಿಸಿ ಮತ್ತೆ ಅಳೆದ್ರೆ 93. ಹುಡುಗ ಇದನ್ನೂ ತೆಗೆದ. ನಾನು ಬರೆದಿರಲಿಲ್ಲ, ಆದ್ರೆ ಸ್ಕ್ರಿಪ್ಟಿಗೆ ಸೇರಿಸಿದೆ, ಲೋಟದ ಲೆಕ್ಕ ಓದೋದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸೋಕಾಗಲ್ಲ.

ಒಂದು ಮಾತು ವಿಡಿಯೋದಲ್ಲೂ ಹೇಳಿದೀನಿ. ಇದು ಸಮತಟ್ಟು ನೆಲದ ಲೆಕ್ಕ, ಒಂದು ಲ್ಯಾಟರಲ್ 165 ಅಡಿ ಇದ್ದಾಗಿನ ಲೆಕ್ಕ. ನೆಲ ಇಳಿಜಾರಿದ್ರೆ ಸಬ್‌ಮೇನ್ ಎತ್ತರದ ಕಡೆ ಬರಬೇಕು. ಸಾಲು ತೀರಾ ಉದ್ದ ಇದ್ರೆ ಸಬ್‌ಮೇನ್ ಹೊಲದ ಮಧ್ಯೆ ಹಾಕಿ ಎರಡೂ ಕಡೆಗೆ ಲ್ಯಾಟರಲ್ ಬಿಡಬೇಕು. ನಿಮ್ಮ ಪೈಪಿನ ತೂತು 4 ಲೀಟರಿನದಾದ್ರೆ ಲೋಟದ ಲೆಕ್ಕವೂ ಡಬಲ್, 3 ನಿಮಿಷಕ್ಕೆ 200 ಮಿಲಿ.

ನಾಟಿ ಮಾರನೇ ದಿನವೇ ಆಯ್ತು. ನಾಲ್ಕು ಲೋಟದ ಅಂಕಿನ ತಂಗಿ ಪಂಪ್ ಮನೆ ಗೋಡೆ ಮೇಲೆ ಇದ್ದಲಲ್ಲಿ ಬರೆದಿಟ್ಟಿದಾಳೆ. ತಿಂಗಳಿಗೊಂದು ಸಲ ಅದೇ ನಾಲ್ಕು ಜಾಗದಲ್ಲಿ ಅಳೆದು ಪಕ್ಕದಲ್ಲಿ ಬರೀಬೇಕು ಅಂತ ಹೇಳಿದೀನಿ. ಅಂಕಿ ಇಳೀತಾ ಬಂದ್ರೆ ಗಿಡ ಬಾಡೋಕೆ ಮುಂಚೆಯೇ ಗೋಡೆ ಹೇಳುತ್ತೆ.